ರಿಪೋರ್ಟ್ ಬರೋ ತನಕ ಏನು ಮಾಡೋದು?

'ರಿಪೋರ್ಟ್ ಗುರುವಾರ ಬರುತ್ತೆ' ಅಂತ ಲ್ಯಾಬಿನವರು ಸೋಮವಾರ ಹೇಳಿರ್ತಾರೆ. ಆದರೂ ಮಂಗಳವಾರ ಬೆಳಿಗ್ಗೆಯಿಂದಲೇ ನಾವು ಫೋನ್ ತೆಗೆದು ನೋಡೋಕೆ ಶುರು ಮಾಡ್ತೀವಿ. ವಾಟ್ಸಾಪ್ ನೋಡ್ತೀವಿ, ಮೇಲ್ ನೋಡ್ತೀವಿ, ಸ್ಪ್ಯಾಮ್ ಫೋಲ್ಡರನ್ನೂ ಬಿಡಲ್ಲ. ಗುರುವಾರದ ಮೊದಲು ಬರಲ್ಲ ಅಂತ ಗೊತ್ತಿದ್ದೂ ಕೈ ಸುಮ್ಮನಿರಲ್ಲ. ಪಿಯುಸಿ ರಿಸಲ್ಟ್ ಇರಲಿ, ವೀಸಾ ಇರಲಿ, ಮನೆಯವರ ಮೆಡಿಕಲ್ ರಿಪೋರ್ಟ್ ಇರಲಿ, ಕಾಯೋರ ಪಾಡು ಹೆಚ್ಚುಕಮ್ಮಿ ಒಂದೇ.

ಈ ಸಲದ ಅಂಕಣದಲ್ಲಿ ಒಂದೇ ಒಂದು ಕಾಯುವಿಕೆಯನ್ನು ಪೂರ್ತಿ ಬಿಡಿಸಿ ನೋಡೋಣ. ಅದು ನಮ್ಮಮ್ಮನ ಥೈರಾಯ್ಡ್ ಗಂಟಿನದು. ಅಮ್ಮನಿಗೆ ಐವತ್ತಾರು ವರ್ಷ. ಹೊಸಪೇಟೆಯಲ್ಲಿ ಅಪ್ಪ ಅಮ್ಮ ಇಬ್ಬರೇ ಇರ್ತಾರೆ. ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೀನಿ. ಅಕ್ಕ ಸಂಡೂರಲ್ಲಿ, ದೊಡ್ಡಪ್ಪ ಕಂಪ್ಲಿಯಲ್ಲಿ. ಅಮ್ಮನ ಕುತ್ತಿಗೆಯ ಬಲಗಡೆ ಒಂದು ಚಿಕ್ಕ ಉಬ್ಬು ಕಂಡಿದ್ದು ಅಕ್ಕನಿಗೆ. ನೋವಿಲ್ಲ, ನುಂಗೋಕೆ ತೊಂದರೆ ಇಲ್ಲ. ಡಾಕ್ಟರು ಮೊದಲು ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿದರು, ಆಮೇಲೆ ಕುತ್ತಿಗೆಯ ಅಲ್ಟ್ರಾಸೌಂಡ್. ಥೈರಾಯ್ಡ್ ಗ್ರಂಥಿಯಲ್ಲಿ ಒಂದು ಗಂಟು ಇದೆ, ಸೂಜಿ ಪರೀಕ್ಷೆ ಮಾಡಿಸಿಬಿಡಿ ಅಂದರು. ನಾನು ಹಂಪಿ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಬಂದೆ. ಸೋಮವಾರ ಅಮ್ಮನ್ನ ಬಳ್ಳಾರಿಗೆ ಕರ್ಕೊಂಡು ಹೋಗಿ ಪರೀಕ್ಷೆ ಮಾಡಿಸಿದ್ವಿ. ಗುರುವಾರ ರಿಪೋರ್ಟ್ ಅಂದರು.

ಅಲ್ಲಿಂದ ಶುರು ಆಯ್ತು ನೋಡಿ.

ಆ ಮೂರು ದಿನ ಒಳಗೆ ಏನು ನಡೀತಿರುತ್ತೆ?

ಕಾಯುವಾಗ ನಮಗೆ ಕಾಣೋದು ಬರೀ ಮೌನ. ಲ್ಯಾಬಿನಿಂದ ಏನೂ ಸುದ್ದಿ ಇಲ್ಲ ಅಂದ ಕೂಡಲೇ ಆ ಮೌನಕ್ಕೆ ನಾವೇ ಅರ್ಥ ಹಚ್ಚೋಕೆ ಶುರು ಮಾಡ್ತೀವಿ. ನಮ್ಮ ಅಪ್ಪ ಬುಧವಾರ ಸಂಜೆಗೇ, "ಏನೋ ಸಿಕ್ಕಿರಬೇಕು, ಅದಕ್ಕೇ ಹೇಳವಲ್ರು" ಅಂತ ತೀರ್ಮಾನ ಮಾಡಿಬಿಟ್ಟಿದ್ದರು. ಹಾಗಾಗಿ ಆ ಮೌನದ ಒಳಗೆ ನಿಜವಾಗಿ ಏನು ನಡೆಯುತ್ತೆ ಅನ್ನೋದನ್ನ ಮೊದಲು ತಿಳ್ಕೊಳ್ಳೋದು ಒಳ್ಳೇದು.

ಸೂಜಿ ಪರೀಕ್ಷೆಯನ್ನ ಎಫ್‌ಎನ್‌ಎಸಿ ಅಂತಾರೆ. ರಕ್ತ ತೆಗೆಯೋ ಸೂಜಿಯಷ್ಟೇ ಅಥವಾ ಅದಕ್ಕಿಂತ ಸಣ್ಣ ಸೂಜಿಯನ್ನ, ಸಾಮಾನ್ಯವಾಗಿ ಅಲ್ಟ್ರಾಸೌಂಡಿನಲ್ಲಿ ನೋಡ್ತಾ, ಗಂಟಿಗೆ ಚುಚ್ಚಿ ಒಂದಷ್ಟು ಜೀವಕೋಶ ಹೊರಗೆ ತೆಗೀತಾರೆ. ಅದನ್ನ ಗಾಜಿನ ಸ್ಲೈಡ್ ಮೇಲೆ ತೆಳ್ಳಗೆ ಸವರ್ತಾರೆ. ಕೆಲವು ಸ್ಲೈಡನ್ನ ಆಲ್ಕೋಹಾಲಿನಲ್ಲಿ ಅದ್ದಿಡ್ತಾರೆ, ಕೆಲವನ್ನ ಗಾಳಿಗೆ ಒಣಗಿಸ್ತಾರೆ. ಆಮೇಲೆ ಬಣ್ಣ ಹಾಕ್ತಾರೆ. ಪೆಥಾಲಜಿಸ್ಟ್ ಒಬ್ಬರು ಕೂತು ಮೈಕ್ರೋಸ್ಕೋಪಿನಲ್ಲಿ ಒಂದೊಂದೇ ಸ್ಲೈಡ್ ನೋಡ್ತಾರೆ. ಮೊದಲ ಪ್ರಶ್ನೆ, ಬಂದಿರೋ ಜೀವಕೋಶ ಸಾಕಾ ಅನ್ನೋದು. ಹತ್ತತ್ತು ಜೀವಕೋಶ ಇರೋ ಗುಂಪು ಕನಿಷ್ಠ ಆರಾದರೂ ಸಿಗಬೇಕು ಅನ್ನೋದು ಸಾಮಾನ್ಯ ನಿಯಮ. ಸಿಗದಿದ್ದರೆ 'ಸಾಲದು' ಅಂತಲೇ ರಿಪೋರ್ಟ್ ಬರುತ್ತೆ, ಮತ್ತೆ ಚುಚ್ಚಿಸಿಕೊಳ್ಳಬೇಕಾಗುತ್ತೆ.

ಇದು ಸೂಜಿ ಪರೀಕ್ಷೆ. ಬಯಾಪ್ಸಿ ಅಂದರೆ, ಒಂದು ಚೂರು ಮಾಂಸವನ್ನೇ ತೆಗೆದಿದ್ದರೆ, ಇನ್ನೂ ನಿಧಾನ. ಆ ಚೂರು ಮೊದಲು ಫಾರ್ಮಲಿನ್‌ನಲ್ಲಿ ಗಂಟೆಗಟ್ಟಲೆ ನೆನೀಬೇಕು. ಆಮೇಲೆ ಅದರೊಳಗಿನ ನೀರು ತೆಗೆದು ಮೇಣ ತುಂಬಿಸೋ ಯಂತ್ರದಲ್ಲಿ ಬಹುತೇಕ ಒಂದು ರಾತ್ರಿ ಕಳೀಬೇಕು. ಮರುದಿನ ಮೇಣದ ಬಿಲ್ಲೆಯನ್ನ ಕೂದಲಿಗಿಂತ ಎಷ್ಟೋ ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ, ನೋಡಬೇಕು. ಇಲ್ಲಿ ಯಾವ ಹಂತವನ್ನೂ ಅವಸರ ಮಾಡೋಕೆ ಬರಲ್ಲ. ಅನುಮಾನ ಇದ್ದರೆ ಇನ್ನಷ್ಟು ತೆಳು ಪದರ ಕತ್ತರಿಸ್ತಾರೆ, ವಿಶೇಷ ಬಣ್ಣದ ಪರೀಕ್ಷೆ ಮಾಡ್ತಾರೆ, ಇನ್ನೊಬ್ಬ ಪೆಥಾಲಜಿಸ್ಟಿಗೆ ತೋರಿಸ್ತಾರೆ. ಒಂದೊಂದಕ್ಕೂ ದಿನ ಹಿಡಿಯುತ್ತೆ.

ಇಷ್ಟು ಗೊತ್ತಾದ ಮೇಲೆ ಒಂದು ವಿಷಯ ಸ್ಪಷ್ಟ ಆಗುತ್ತೆ. ತಡ ಆಗಿದ್ದಕ್ಕೆ ಹತ್ತು ಕಾರಣ ಇರಬಹುದು. ಬಣ್ಣ ಸರಿ ಹಿಡಿಯದೆ ಇರಬಹುದು, ಡಾಕ್ಟರು ರಜೆಯಲ್ಲಿರಬಹುದು, ಸ್ಯಾಂಪಲ್ ಬೇರೆ ಊರಿನ ಲ್ಯಾಬಿಗೆ ಹೋಗಿರಬಹುದು, ಎರಡನೇ ಅಭಿಪ್ರಾಯ ಕೇಳಿರಬಹುದು. ಎರಡನೇ ಅಭಿಪ್ರಾಯ ಕೇಳೋದು ಕೆಟ್ಟದ್ದು ಕಂಡಾಗ ಮಾತ್ರ ಅಲ್ಲ, ಏನೂ ಇಲ್ಲ ಅಂತ ಬರೆಯೋ ಮುಂಚೆ ಖಾತ್ರಿ ಮಾಡ್ಕೊಳ್ಳೋಕೂ ಕೇಳ್ತಾರೆ. ತಡ ಅನ್ನೋದರಿಂದ ಫಲಿತಾಂಶವನ್ನ ಊಹಿಸೋಕೆ ಆಗಲ್ಲ. ಇದನ್ನ ಅಪ್ಪನಿಗೆ ಹೇಳಿದಾಗ ಅವರು ಪೂರ್ತಿ ನಂಬಲಿಲ್ಲ. ಆದರೆ ರಾತ್ರಿ ಊಟ ಮಾಡಿದರು.

ನಿಮಗೂ ಹೀಗೆ ಸ್ಯಾಂಪಲ್ ಕೊಡೋ ಪ್ರಸಂಗ ಬಂದರೆ ಅಲ್ಲೇ ನಿಂತು ನಾಲ್ಕು ಪ್ರಶ್ನೆ ಕೇಳಿ ಬರ್ಕೊಳ್ಳಿ. ರಿಪೋರ್ಟ್ ಯಾವ ದಿನ ಬರುತ್ತೆ? ಹೇಗೆ ಬರುತ್ತೆ, ಫೋನಿಗೋ, ಕೈಗೋ, ಡಾಕ್ಟರ ಹತ್ರಕ್ಕೋ? ಆ ದಿನ ದಾಟಿದರೆ ಯಾರಿಗೆ, ಯಾವ ಹೊತ್ತಿಗೆ ಫೋನ್ ಮಾಡಬೇಕು? ಅಷ್ಟರೊಳಗೆ ಏನಾದರೆ ಕಾಯದೆ ಬರಬೇಕು? ಕೊನೆಯದು ಮುಖ್ಯ. ಅಮ್ಮನ ವಿಷಯದಲ್ಲಿ ಡಾಕ್ಟರು ಹೇಳಿದ್ದು ಇಷ್ಟು: ಉಸಿರಾಟಕ್ಕೆ ತೊಂದರೆ, ದನಿ ಒಡೆದು ಹಾಗೇ ಉಳಿಯೋದು, ಗಂಟು ಬೇಗ ಬೇಗ ದೊಡ್ಡದಾಗೋದು ಅಥವಾ ಚುಚ್ಚಿದ ಜಾಗ ಊದಿಕೊಳ್ಳೋದು. ಈ ನಾಲ್ಕರಲ್ಲಿ ಯಾವುದೂ ಇಲ್ಲ ಅಂದರೆ ಗುರುವಾರದ ತನಕ ಮಾಡೋ ವೈದ್ಯಕೀಯ ಕೆಲಸ ಏನೂ ಇಲ್ಲ. ಆ ಚೀಟಿ ಫ್ರಿಜ್ ಮೇಲೆ ಅಂಟಿಸಿದ್ವಿ.

ನೋಡಿದಷ್ಟೂ ನೋಡಬೇಕು ಅನ್ಸುತ್ತೆ

ಆದರೂ ಫೋನ್ ಬಿಡಲ್ಲ ಅಲ್ವಾ? ಅದಕ್ಕೂ ಕಾರಣ ಇದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 2016ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 45 ಜನರನ್ನ ಒಂದು ಕಂಪ್ಯೂಟರ್ ಆಟಕ್ಕೆ ಕೂರಿಸಿದರು. ಪರದೆ ಮೇಲೆ ಕಲ್ಲು ಬರುತ್ತೆ, ಅದರಡಿ ಹಾವಿದೆಯೋ ಇಲ್ಲವೋ ಊಹಿಸಬೇಕು. ಹಾವಿದ್ದರೆ ಕೈಗೆ ಸಣ್ಣ ಕರೆಂಟ್ ಶಾಕ್. ಜನರ ಬೆವರು, ಕಣ್ಣಿನ ಪಾಪೆ ಎಲ್ಲ ಅಳೆದು ನೋಡಿದಾಗ ಕಂಡಿದ್ದೇನು ಅಂದರೆ, ಶಾಕ್ ಖಂಡಿತ ಹೊಡೆಯುತ್ತೆ ಅಂತ ಗೊತ್ತಿದ್ದಾಗ ಇದ್ದ ಒತ್ತಡಕ್ಕಿಂತ, ಹೊಡೆದರೂ ಹೊಡೀಬಹುದು ಇಲ್ಲದಿದ್ದರೂ ಇಲ್ಲ ಅನ್ನೋ ಅರ್ಧಕ್ಕರ್ಧ ಸಂದರ್ಭದಲ್ಲಿ ಒತ್ತಡ ಹೆಚ್ಚಿತ್ತು. 'ಏನಾದರೂ ಆಗಲಿ, ಒಂದು ಗೊತ್ತಾದರೆ ಸಾಕು' ಅಂತ ನಾವು ಹೇಳೋದು ಸುಮ್ಮನೆ ಅಲ್ಲ. ಮೈಯೂ ಅದನ್ನೇ ಹೇಳ್ತಿರುತ್ತೆ.

ಹಾಗಾಗಿ ಫೋನ್ ನೋಡೋದು ಆ ಅರ್ಧಕ್ಕರ್ಧದಿಂದ ತಪ್ಪಿಸಿಕೊಳ್ಳೋ ಪ್ರಯತ್ನ. ನೋಡಿದ ಕೂಡಲೇ ಒಂದು ಕ್ಷಣ ಹಗುರ ಆಗುತ್ತೆ. 'ಇನ್ನೂ ಬಂದಿಲ್ಲ, ಸದ್ಯ.' ಐದು ನಿಮಿಷಕ್ಕೆ ಮತ್ತೆ ಅನುಮಾನ. ಆ ಒಂದು ಕ್ಷಣದ ಹಗುರವೇ ಬಹುಮಾನ ಆಗಿ, ಮನಸ್ಸು ಮತ್ತೆ ಮತ್ತೆ ನೋಡೋದನ್ನ ಕಲೀತಾ ಹೋಗುತ್ತೆ. ಪದೇ ಪದೇ ಮನೆಯವರನ್ನ "ಏನೂ ಆಗಲ್ಲ ಅಲ್ವಾ?" ಅಂತ ಕೇಳೋದು, ರಾತ್ರಿ ಗೂಗಲ್‌ನಲ್ಲಿ ರೋಗದ ಲಕ್ಷಣ ಹುಡುಕೋದು, ಇವೂ ಇದೇ ಜಾತಿ.

ನಮ್ಮ ಕೆಲಸದಲ್ಲಿ ಇದಕ್ಕೆ ಪೋಲಿಂಗ್ ಅಂತೀವಿ. ಒಂದು ಸರ್ವರ್ ಕೆಲಸ ಮುಗಿಸಿದೆಯಾ ಅಂತ ಪ್ರತಿ ಸೆಕೆಂಡಿಗೂ ಕೇಳ್ತಾ ಹೋದರೆ ಅದರ ಕೆಲಸ ಬೇಗ ಮುಗಿಯಲ್ಲ, ನಮ್ಮ ಕಡೆಯ ಯಂತ್ರ ಮಾತ್ರ ಬಿಸಿ ಆಗುತ್ತೆ. ಅದಕ್ಕೇ ಎರಡು ಕೇಳಿಕೆಗಳ ನಡುವೆ ಅಂತರ ಹೆಚ್ಚಿಸ್ತಾ ಹೋಗ್ತೀವಿ. ಮನೆಯಲ್ಲೂ ಅದನ್ನೇ ಮಾಡಿದ್ವಿ. ರಿಪೋರ್ಟ್ ನನ್ನ ಫೋನಿಗೆ ಬರೋ ಹಾಗೆ ನಂಬರ್ ಕೊಟ್ಟಿದ್ವಿ. ದಿನಕ್ಕೆ ಎರಡೇ ಸಲ, ಮಧ್ಯಾಹ್ನ ಹನ್ನೆರಡಕ್ಕೆ ಮತ್ತು ಸಂಜೆ ಆರಕ್ಕೆ ನೋಡೋದು ಅಂತ ಅಪ್ಪನ ಜೊತೆ ಒಪ್ಪಂದ ಆಯ್ತು. ಮಧ್ಯೆ ನೋಡಬೇಕು ಅನ್ಸಿದರೆ ಬೇಡ ಅನ್ನೋದಲ್ಲ, 'ಹದಿನೈದು ನಿಮಿಷ ತಡೆದು ನೋಡ್ತೀನಿ' ಅನ್ನೋದು. ಮೊದಲ ದಿನ ಅಪ್ಪ, "ಬಂತೇನು ನೋಡಪ್ಪಾ" ಅಂತ ಕೇಳ್ತಾನೇ ಇದ್ದರು. "ಆರು ಗಂಟೆಗೆ ನೋಡೋಣಪ್ಪ" ಅಂತಷ್ಟೇ ನಾನಂದೆ. ಮರುದಿನ ಆ ಕೇಳಿಕೆ ಕಮ್ಮಿ ಆಯ್ತು. ನೋಡಬೇಕೆಂಬ ಒತ್ತಡ ಒಂದು ಮಟ್ಟಕ್ಕೆ ಏರಿ ತಾನಾಗೇ ಇಳಿಯುತ್ತೆ ಅನ್ನೋದು ಒಂದೆರಡು ಸಲ ಅನುಭವಕ್ಕೆ ಬಂದರೆ, ತಡೆಯೋದು ಸುಲಭ ಆಗುತ್ತೆ.

ನಿಮ್ಮ ನೋಡುವಿಕೆ ಮಾಹಿತಿಗಾಗಿಯೋ ಆತಂಕಕ್ಕಾಗಿಯೋ ಗೊತ್ತಾಗಬೇಕಾ? ನೋಡಿದ ಮೇಲೆ ಬಂದ ಸಮಾಧಾನ ಎಷ್ಟು ಹೊತ್ತು ಉಳೀತು ಅಂತ ಗಮನಿಸಿ. ಹತ್ತು ನಿಮಿಷವೂ ನಿಲ್ಲದಿದ್ದರೆ ನೀವು ಹುಡುಕ್ತಿರೋದು ರಿಪೋರ್ಟನ್ನಲ್ಲ.

ಪರದೆಯ ಮೇಲಿನ ಪದವೇ ದಾರಿ ತಪ್ಪಿಸೋದೂ ಉಂಟು. ಅಮೆರಿಕದ ವೀಸಾ ಸಂದರ್ಶನದಲ್ಲಿ 221(g) ಚೀಟಿ ಕೊಟ್ಟು, ಹೆಚ್ಚಿನ ಪರಿಶೀಲನೆ ಬಾಕಿ ಇದೆ ಅಂತ ಕಳಿಸಿದರೆ, ಅವರ ವೆಬ್‌ಸೈಟಿನಲ್ಲಿ `Refused` ಅಂತ ಕಾಣಿಸುತ್ತೆ. ಕಾನೂನಿನ ಲೆಕ್ಕದಲ್ಲಿ ಸದ್ಯಕ್ಕೆ ಕೊಟ್ಟಿಲ್ಲ ಅಂತ ಅದರರ್ಥ. ಪರಿಶೀಲನೆ ಮುಗಿದ ಮೇಲೆ ಅದೇ ಅರ್ಜಿ `Issued` ಆಗಬಹುದು. ಇದು ಗೊತ್ತಿಲ್ಲದೆ ದಿನಕ್ಕೆ ಮೂವತ್ತು ಸಲ ಆ ಪುಟ ತೆರೆದು ಕೂತವರ ಗತಿ ಊಹಿಸಿ. ಕಾಯೋದಕ್ಕೆ ಮುಂಚೆ, ಅಲ್ಲಿ ಯಾವ ಯಾವ ಪದ ಕಾಣಬಹುದು, ಒಂದೊಂದರ ಅರ್ಥ ಏನು ಅಂತ ಒಮ್ಮೆ ಓದಿಟ್ಟುಕೊಳ್ಳೋದು ನೂರು ಸಲ ನೋಡೋದಕ್ಕಿಂತ ಉಪಯೋಗ.

ರಿಪೋರ್ಟ್ ಬಂತು, ಉತ್ತರ ಬರಲಿಲ್ಲ

ಗುರುವಾರ ಸಂಜೆ ಪಿಡಿಎಫ್ ಬಂತು. ಮನೆಯವರೆಲ್ಲ ಕಾದಿದ್ದು ಎರಡು ಪದಗಳಲ್ಲಿ ಒಂದಕ್ಕೆ: ಇದೆ ಅಥವಾ ಇಲ್ಲ. ಬಂದಿದ್ದು ಮೂರನೆಯದು. 'ಬೆಥೆಸ್ಡಾ ಕೆಟಗರಿ ಮೂರು.'

ಥೈರಾಯ್ಡ್ ಸೂಜಿ ಪರೀಕ್ಷೆಯ ಫಲಿತಾಂಶವನ್ನ ಆರು ಡಬ್ಬಿಗಳಲ್ಲಿ ಹಾಕ್ತಾರೆ. ಅಮೆರಿಕದ ಬೆಥೆಸ್ಡಾ ಅನ್ನೋ ಊರಲ್ಲಿ 2007ರಲ್ಲಿ ನಡೆದ ತಜ್ಞರ ಸಭೆಯಿಂದ ಈ ಪದ್ಧತಿ ಹುಟ್ಟಿತು, ಅದಕ್ಕೇ ಆ ಹೆಸರು. ಒಂದು ಅಂದರೆ ಜೀವಕೋಶ ಸಾಲದು. ಎರಡು ಅಂದರೆ ಕ್ಯಾನ್ಸರ್ ಅಲ್ಲದ ಗಂಟು. ಐದು ಬಲವಾದ ಅನುಮಾನ, ಆರು ಕ್ಯಾನ್ಸರ್. ಮೂರು ಮತ್ತು ನಾಲ್ಕು ನಡುವಿನವು. ಮೂರರ ಅರ್ಥ, ಜೀವಕೋಶಗಳು ಪೂರ್ತಿ ಸಹಜವಾಗಿಲ್ಲ, ಹಾಗಂತ ಕ್ಯಾನ್ಸರ್ ಅನ್ನೋ ಹಾಗೂ ಇಲ್ಲ. ಪೆಥಾಲಜಿಸ್ಟ್ ಪ್ರಾಮಾಣಿಕವಾಗಿ 'ಇಷ್ಟರಿಂದ ಹೇಳೋಕಾಗಲ್ಲ' ಅಂತ ಬರೆದಿದ್ದಾರೆ.

2023ರಲ್ಲಿ ಪರಿಷ್ಕರಿಸಿದ ಪದ್ಧತಿಯ ಪ್ರಕಾರ ಮೂರನೇ ಡಬ್ಬಿಯಲ್ಲಿ ಕ್ಯಾನ್ಸರ್ ಇರೋ ಸಾಧ್ಯತೆ ಸರಾಸರಿ 22 ಶೇಕಡ. ಅಕ್ಕ ಅದನ್ನ ಓದಿ ಅಳೋಕೇ ಶುರು ಮಾಡಿದಳು. ಆ ಅಂಕಿಯನ್ನ ಸ್ವಲ್ಪ ಬಿಡಿಸಿ ನೋಡಬೇಕು. ಅದು ಆಪರೇಷನ್ ಮಾಡಿಸಿಕೊಂಡವರ ಲೆಕ್ಕದಿಂದ ಬಂದಿದ್ದು, ಯಾಕೆಂದರೆ ಗಂಟು ತೆಗೆದು ಪೂರ್ತಿ ಪರೀಕ್ಷಿಸಿದ ಮೇಲೇ ಖಚಿತ ಉತ್ತರ ಸಿಗೋದು. ಡಾಕ್ಟರುಗಳು ಹೆಚ್ಚು ಅನುಮಾನ ಇರೋರನ್ನೇ ಆಪರೇಷನ್ನಿಗೆ ಕಳಿಸ್ತಾರೆ. ಹಾಗಾಗಿ ಆಪರೇಷನ್ ಆಗದವರನ್ನೂ ಸೇರಿಸಿದರೆ ಈ ಅಂಕಿ ಇನ್ನೂ ಕಮ್ಮಿ ಇರಬೇಕು. ಆಪರೇಷನ್ ಆದವರಲ್ಲೇ ನೂರಕ್ಕೆ ಸುಮಾರು 78 ಜನಕ್ಕೆ ಕ್ಯಾನ್ಸರ್ ಇರಲಿಲ್ಲ. 22 ಅನ್ನೋದು ಸುಳ್ಳಲ್ಲ, 78 ಕೂಡ ಸುಳ್ಳಲ್ಲ. ಆತಂಕದಲ್ಲಿರೋ ಮನಸ್ಸು ಒಂದನ್ನ ಮಾತ್ರ ಓದುತ್ತೆ.

ಡಾಕ್ಟರು ಹೇಳಿದ್ದು, ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಸೂಜಿ ಪರೀಕ್ಷೆ ಮಾಡೋಣ. ಯಾಕೆ ಈಗಲೇ ಬೇಡ ಅಂತ ಅಪ್ಪ ಕೇಳಿದರು. ಮೊದಲ ಸೂಜಿಯ ಗಾಯ ಮಾಯುವಾಗ ಜೀವಕೋಶಗಳು ಬೇರೆ ರೀತಿ ಕಂಡು ಮತ್ತೆ ಗೊಂದಲ ಆಗಬಹುದು ಅಂದರು. ಥೈರಾಯ್ಡ್ ಕ್ಯಾನ್ಸರುಗಳಲ್ಲಿ ಹೆಚ್ಚಿನವು ನಿಧಾನಕ್ಕೆ ಬೆಳೆಯೋವು, ಅಲ್ಟ್ರಾಸೌಂಡಿನಲ್ಲೂ ಭಯಪಡೋವಂಥದ್ದು ಕಂಡಿಲ್ಲ, ಮೂರು ತಿಂಗಳಿಂದ ನಷ್ಟ ಇಲ್ಲ ಅಂತಲೂ ಹೇಳಿದರು. ಇದು ಅಮ್ಮನ ಗಂಟಿಗೆ ಹೇಳಿದ ಮಾತು. ಬೇರೆಯವರಿಗೆ ಬೇರೆ ಸಲಹೆ ಇರಬಹುದು, ಅದನ್ನ ಅವರ ಡಾಕ್ಟರೇ ಹೇಳಬೇಕು.

ಮೂರು ದಿನದ ಕಾಯುವಿಕೆ ಹೀಗೆ ಮೂರು ತಿಂಗಳದ್ದಾಯ್ತು.

ಆತಂಕ ಸೊನ್ನೆ ಆಗಲ್ಲ

ಇಷ್ಟು ಉದ್ದದ ಕಾಯುವಿಕೆಯನ್ನ ಅಧ್ಯಯನ ಮಾಡಿದವರಿದ್ದಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕ್ಯಾಂಪಸ್ಸಿನ ಮನಶ್ಶಾಸ್ತ್ರಜ್ಞೆ ಕೇಟ್ ಸ್ವೀನಿ ಮತ್ತು ಅವರ ಜೊತೆಗಾರರು, ವಕೀಲಿಕೆ ಪರೀಕ್ಷೆ ಬರೆದು ನಾಲ್ಕು ತಿಂಗಳು ಫಲಿತಾಂಶಕ್ಕೆ ಕಾದ 230 ಜನರನ್ನ ಹಿಂಬಾಲಿಸಿದರು. 2016ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳೋದು ಸ್ವಲ್ಪ ಬೇಸರ ತರಿಸೋ ಸತ್ಯ. ಕಾಯೋರು ಮಾಡಿಕೊಂಡ ಉಪಾಯಗಳು, ಅಂದರೆ ಆಶಾವಾದಿ ಆಗಿರೋಕೆ ನೋಡೋದು, ಕೆಟ್ಟದ್ದಕ್ಕೆ ಸಿದ್ಧ ಆಗೋದು, ಚಿಂತೆಯನ್ನ ಅದುಮೋದು, ಇವು ಆತಂಕವನ್ನ ಹೇಳಿಕೊಳ್ಳೋವಷ್ಟು ಇಳಿಸಲಿಲ್ಲ. ಇನ್ನೊಂದು ವಿಚಿತ್ರ ಅಂದರೆ, ಆರಾಮಾಗಿ ಕಾದವರಿಗಿಂತ ಚಿಂತೆಯಲ್ಲೇ ಕಾದವರು ಫಲಿತಾಂಶ ಬಂದಾಗ, ಅದು ಕೆಟ್ಟದ್ದಿದ್ದರೂ, ಅದನ್ನ ಹೆಚ್ಚು ಚೆನ್ನಾಗಿ ನಿಭಾಯಿಸಿದರು.

ಇದರಿಂದ ನಾನು ತಗೊಂಡಿದ್ದು ಇಷ್ಟು. ಕಾಯೋವಾಗ ಆತಂಕ ಇರೋದು ತಪ್ಪೇನಲ್ಲ. 'ಪಾಸಿಟಿವ್ ಆಗಿರು' ಅಂತ ಮನೆಯವರನ್ನ ಪೀಡಿಸಬೇಕಾಗಿಲ್ಲ. ಆತಂಕ ಇದ್ದೂ ದಿನ ಕೆಡದ ಹಾಗೆ ನೋಡಿಕೊಂಡರೆ ಸಾಕು. ಶುರುವಿನಲ್ಲಿ ಅದು ಜಾಸ್ತಿ ಇರುತ್ತೆ, ನಡುವೆ ಇಳಿಯುತ್ತೆ, ಕೊನೆಗೆ ಫಲಿತಾಂಶ ಹತ್ತಿರ ಬಂದಾಗ ಮತ್ತೆ ಏರುತ್ತೆ. ಈ ಏರಿಳಿತ ಮೊದಲೇ ಗೊತ್ತಿದ್ದರೆ, ಕೊನೇ ವಾರ ನಿದ್ದೆ ಬರದಾಗ 'ಇದೇನೋ ಮುನ್ಸೂಚನೆ' ಅಂತ ತಿಳಿಯೋದು ತಪ್ಪುತ್ತೆ.

ಕಂಪ್ಲಿಯ ದೊಡ್ಡಪ್ಪ ಇದನ್ನ ಯಾವ ಅಧ್ಯಯನವೂ ಇಲ್ಲದೆ ಹೇಳಿದರು. ಅವರದು ತುಂಗಭದ್ರಾ ನೀರಿನ ಭತ್ತ. ಮಲೆನಾಡಲ್ಲಿ ಮಳೆ ಆಗಿ, ಡ್ಯಾಮಿಗೆ ನೀರು ಬಂದು, ನೀರಾವರಿ ಸಲಹಾ ಸಮಿತಿ ಸಭೆ ಸೇರಿ, ಕಾಲುವೆಗೆ ನೀರು ಬಿಡೋ ತಾರೀಕು ಹೇಳೋವರೆಗೂ ಅವರಿಗೆ ಏನೂ ಖಚಿತ ಇಲ್ಲ. ಅಮ್ಮನ್ನ ನೋಡೋಕೆ ಬಂದಾಗ ಅಪ್ಪನಿಗೆ ಅಂದರು, "ತಾರೀಕು ಗೊತ್ತಾಗ್ಲಿ ಅಂತ ಸಸಿ ಹಾಕ್ದೆ ಕುಂತ್ರೆ, ನೀರು ಬಂದ್ ದಿನ ಏನ್ ನಾಟಿ ಮಾಡ್ತಿ? ಹಂಗಂತ ಪೂರ್ತಿ ಗದ್ದಿಗೆ ಖರ್ಚು ಮಾಡಿದ್ರೂ ಮುಳುಗಿದಂಗ." ಅವರು ಬೋರ್ ನೀರಲ್ಲಿ ಒಂದು ಚಿಕ್ಕ ಮಡಿಯಲ್ಲಿ ಸಸಿ ಬೆಳೆಸ್ತಾರೆ. ನೀರು ಬಂದರೆ ಸಸಿ ತಯಾರಿರುತ್ತೆ, ತೀರಾ ತಡ ಆದರೆ ಹೋಗೋದು ಒಂದು ಮಡಿಯಷ್ಟೇ.

ನಾವೂ ಅಷ್ಟೇ ಮಾಡಿದ್ವಿ. ಒಂದು ಹಾಳೆಯಲ್ಲಿ ಮೂರು ಸಾಲು ಬರೆದ್ವಿ. ಎರಡನೇ ಸಲ ಕೆಟಗರಿ ಎರಡು ಬಂದರೆ: ಮುಂದಿನ ಅಲ್ಟ್ರಾಸೌಂಡ್ ಯಾವಾಗ ಅಂತ ಕೇಳೋದು. ಮತ್ತೆ ಮೂರೇ ಬಂದರೆ: ಬೆಂಗಳೂರಲ್ಲಿ ಎರಡನೇ ಅಭಿಪ್ರಾಯ, ಹಳೇ ಸ್ಲೈಡುಗಳನ್ನ ಲ್ಯಾಬಿನಿಂದ ಕೇಳಿ ತಗೊಂಡು ಹೋಗೋದು. ಅದಕ್ಕಿಂತ ಮೇಲೆ ಬಂದರೆ: ಸರ್ಜನ್ ಹತ್ರ ಒಂದು ಭೇಟಿ, ನಾನು ರಜೆ ಹಾಕೋದು, ಇನ್ಶೂರೆನ್ಸ್ ಕಾಗದ ಒಂದು ಕಡೆ ಇಡೋದು. ಪ್ರತಿ ಸಾಲಿಗೂ ಮೊದಲ ಹೆಜ್ಜೆ ಮಾತ್ರ. ಆಪರೇಷನ್ ಆದ ಮೇಲೆ ಏನು, ಮಾತ್ರೆ ಎಷ್ಟು ವರ್ಷ ಅಂತ ಮುಂದಕ್ಕೆ ಹೋಗಲಿಲ್ಲ. ಅಲ್ಲಿಂದಾಚೆಗೆ ಯೋಜನೆ ಹೋಗಿ ಬರೀ ಚಿಂತೆ ಆಗುತ್ತೆ. ಮೂರರಲ್ಲಿ ಯಾವುದು ಬಂದರೂ ಬೇಕಾಗೋ ಕೆಲಸ, ಅಂದರೆ ಹಳೇ ರಿಪೋರ್ಟೆಲ್ಲ ಒಂದು ಫೈಲಿಗೆ ಹಾಕೋದು, ಅದನ್ನ ಆವತ್ತೇ ಮುಗಿಸಿದ್ವಿ.

ಉಳಿದ ಚಿಂತೆಗೆ ಒಂದು ಹೊತ್ತು ಗೊತ್ತು ಮಾಡಿದ್ವಿ. 1980ರ ದಶಕದಲ್ಲಿ ಥಾಮಸ್ ಬೋರ್ಕೊವೆಕ್ ಅನ್ನೋ ಮನಶ್ಶಾಸ್ತ್ರಜ್ಞರ ತಂಡ ಪರೀಕ್ಷಿಸಿ ನೋಡಿದ ವಿಧಾನ ಇದು. ದಿನಾ ಒಂದೇ ಜಾಗ, ಒಂದೇ ಸಮಯ, ಅರ್ಧ ಗಂಟೆ ಚಿಂತೆಗೆ ಮೀಸಲು. ಬೇರೆ ಹೊತ್ತಲ್ಲಿ ಚಿಂತೆ ಬಂದರೆ ಅದನ್ನ ಗುರುತು ಹಾಕಿ ಆ ಸಮಯಕ್ಕೆ ಮುಂದೂಡೋದು. ಚಿಂತೆ ಮಾಡಬೇಡ ಅನ್ನೋದಕ್ಕಿಂತ, ಆಮೇಲೆ ಮಾಡು ಅನ್ನೋದನ್ನ ಮನಸ್ಸು ಸುಲಭಕ್ಕೆ ಕೇಳುತ್ತೆ. ಅಪ್ಪ ಸಂಜೆ ಐದಕ್ಕೆ ಜಗುಲಿ ಮೇಲೆ ಡೈರಿ ಹಿಡಿದು ಕೂರೋರು. ಬರೆದಿದ್ದನ್ನ ಎರಡು ಭಾಗ ಮಾಡೋರು: ಇವತ್ತೇ ಏನಾದರೂ ಮಾಡಬಹುದಾದ್ದು, ಮಾಡೋಕೆ ಏನೂ ಇಲ್ಲದ್ದು. ಮೊದಲನೇದಕ್ಕೆ ಒಂದು ಫೋನ್ ಮಾಡೋರು. ಎರಡನೇದನ್ನ ಹಾಗೇ ಬಿಟ್ಟು ಡೈರಿ ಮುಚ್ಚೋರು. ಮಲಗೋ ಹೊತ್ತಿಗೆ ಹತ್ತಿರ ಮಾತ್ರ ಇದನ್ನ ಇಟ್ಕೋಬೇಡಿ, ನಿದ್ದೆ ಕೆಡುತ್ತೆ.

ಹಂಪಿ ಮತ್ತು ಕೌದಿ

ಮನಸ್ಸು ಬೇರೆ ಕಡೆ ಹೊರಳಲಿ ಅಂತ ಅಕ್ಕ ಒಂದು ಭಾನುವಾರ ಅಮ್ಮನ್ನ ಹಂಪಿಗೆ ಕರ್ಕೊಂಡು ಹೋದಳು. ವಿರೂಪಾಕ್ಷನ ದರ್ಶನ ಆಯ್ತು, ಹೊಳೆ ದಂಡೆಯಲ್ಲಿ ಕೂತಿದ್ದಾಯ್ತು. ಬಂದ ಮೇಲೆ ಅಮ್ಮ ಅಂದರು, "ಚಲೋ ಇತ್ತು. ಆದ್ರೆ ಸುಮ್ನೆ ಕುಂತಾಗೆಲ್ಲ ಅದೇ ನೆನಪು." ಅದೇ ಅಮ್ಮ ಮೊಮ್ಮಗಳಿಗೆ ಅಂತ ಕೌದಿ ಹೊಲಿಯೋಕೆ ಕೂತರೆ ಎರಡು ಗಂಟೆ ಹೋಗಿದ್ದು ಅವರಿಗೆ ಗೊತ್ತಾಗ್ತಿರಲಿಲ್ಲ.

ಸ್ವೀನಿಯವರ ಮುಂದಿನ ಅಧ್ಯಯನಗಳಲ್ಲಿ, ಕಾಯೋರಿಗೆ ನಿಜವಾಗಿ ಸಹಾಯ ಮಾಡಿದ್ದು ಇಂಥ ಮುಳುಗುವಿಕೆಯೇ. ಅದಕ್ಕೆ ಕೆಲವು ಲಕ್ಷಣ ಇವೆ. ಕೆಲಸ ತೀರಾ ಸುಲಭ ಇರಬಾರದು, ಕೈಲಾಗದಷ್ಟು ಕಷ್ಟವೂ ಇರಬಾರದು. ಮುಂದಿನ ಹೆಜ್ಜೆ ಏನು ಅಂತ ಸ್ಪಷ್ಟ ಇರಬೇಕು. ಸರಿ ಆಯ್ತೋ ಇಲ್ಲವೋ ಆಗಿಂದಾಗಲೇ ಕಾಣಬೇಕು. ಕೌದಿಯಲ್ಲಿ ಇವೆಲ್ಲ ಇವೆ. ಹಳೇ ಸೀರೆ, ಪಂಚೆ ತುಂಡುಗಳನ್ನ ಪದರ ಪದರ ಹಾಸಿ, ಅಂಚಿನಿಂದ ಒಳಗೆ ಸಾಲು ಹೊಲಿಗೆ ಹಾಕ್ತಾ ಬರಬೇಕು. ಒಂದು ಹೊಲಿಗೆ ಉದ್ದ ಆದರೆ ಕಣ್ಣಿಗೆ ತಕ್ಷಣ ಕಾಣುತ್ತೆ. ಅದೇ ಟಿವಿ ನೋಡೋದು, ರೀಲ್ಸ್ ಸ್ಕ್ರೋಲ್ ಮಾಡೋದು ಕಣ್ಣನ್ನ ಹಿಡಿಯುತ್ತೆ, ಮನಸ್ಸಿಗೆ ಜಾಗ ಬಿಟ್ಟಿರುತ್ತೆ. ಆ ಜಾಗಕ್ಕೆ ಚಿಂತೆ ಬಂದು ಕೂರುತ್ತೆ. ನಿಮಗೆ ಕೌದಿ ಬರದಿದ್ದರೆ ಚೆಸ್ ಆಗಬಹುದು, ಅಡುಗೆ ಆಗಬಹುದು, ಬಾಕಿ ಬಿದ್ದಿರೋ ಒಂದು ಕೋಡಿಂಗ್ ಸಮಸ್ಯೆ ಆಗಬಹುದು. ರಿಸಲ್ಟ್ ದಿನದ ಹಿಂದಿನ ಸಂಜೆಗೆ ಇಂಥದ್ದೊಂದನ್ನ ಮೊದಲೇ ಎತ್ತಿಡಿ.

ಇಷ್ಟಕ್ಕೂ ಬಗ್ಗದ ಆತಂಕವೂ ಇರುತ್ತೆ. ಎರಡು ವಾರದಿಂದ ನಿದ್ದೆ ಇಲ್ಲ, ಊಟ ಸೇರಲ್ಲ, ಆಫೀಸಿಗೆ ಹೋಗೋಕಾಗ್ತಿಲ್ಲ, ಎದೆ ಹಿಡಿದುಕೊಂಡ ಹಾಗೆ ಆಗಾಗ ಆಗುತ್ತೆ ಅಂದರೆ ಇದು ಚೀಟಿ, ಡೈರಿಯಿಂದ ಆಗೋ ಕೆಲಸ ಅಲ್ಲ, ಡಾಕ್ಟರ ಹತ್ರ ಹೋಗಬೇಕು. ಪರೀಕ್ಷೆಯ ಫಲಿತಾಂಶ ಕಾಯ್ತಿರೋ ಮಕ್ಕಳು 'ಫೇಲಾದರೆ ನಾನಿರಲ್ಲ' ಅಂತ ತಮಾಷೆಗೆ ಅಂದರೂ ತಮಾಷೆ ಅಂತ ಬಿಡಬೇಡಿ, ಜೊತೆಗಿರಿ, ನೇರವಾಗಿ ಕೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ ಇಪ್ಪತ್ತನಾಲ್ಕು ಗಂಟೆಯೂ ಇರುತ್ತೆ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಅಮ್ಮನ ಎರಡನೇ ಪರೀಕ್ಷೆ ಮೂರು ತಿಂಗಳಾದ ಮೇಲೆ ಆಯ್ತು. ಕೆಟಗರಿ ಎರಡು ಬಂತು. ಅಪ್ಪ ಓಣಿಯವರಿಗೆಲ್ಲ ಮಿರ್ಚಿ, ಒಗ್ಗರಣೆ ತರಿಸಿದರು. ಆದರೆ ಎರಡನೇ ಡಬ್ಬಿಗೂ ಒಂದು ಅಂಕಿ ಇದೆ: ಸರಾಸರಿ 4 ಶೇಕಡ. ಅದಕ್ಕೇ ಡಾಕ್ಟರು ಒಂದು ವರ್ಷಕ್ಕೆ ಮತ್ತೆ ಅಲ್ಟ್ರಾಸೌಂಡ್ ಬರೆದುಕೊಟ್ಟರು. ಸೊನ್ನೆ ಅಂತ ಬರೆದಿರೋ ಡಬ್ಬಿ ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ರಿಪೋರ್ಟ್ ಬಂದರೆ ಎಲ್ಲ ಖಚಿತ ಆಗುತ್ತೆ ಅಂತ ಕಾದವರಿಗೆ ಇದು ಮತ್ತೊಂದು ವರ್ಷದ ಕಾಯುವಿಕೆ. ಅನಿಶ್ಚಿತವನ್ನ ಸ್ವಲ್ಪ ಜೊತೆಗಿಟ್ಟುಕೊಳ್ಳೋಕೆ ಆ ಮೂರು ತಿಂಗಳಲ್ಲಿ ಕಲಿತಿದ್ದವರಿಗೆ ಅದು ಬರೀ ಕ್ಯಾಲೆಂಡರಿನ ಒಂದು ತಾರೀಕು. ಅಮ್ಮ ಆ ತಾರೀಕನ್ನ ನನ್ನ ಫೋನಿನಲ್ಲಿ ರಿಮೈಂಡರ್ ಹಾಕಿಸಿದರು. "ಅಲ್ಲೀ ತನಕ ಆ ಮಾತು ಎತ್ತಬ್ಯಾಡ್ರಿ, ಆ ದಿನ ನೀನೇ ನೆನಪು ಮಾಡು" ಅಂದು ಕೌದಿ ಎಳ್ಕೊಂಡು ಕೂತರು.